ಮೂರನೆಯದಕ್ಕೂ ದುಡ್ಡು

ಅಳಿಯನಿಗಿದ್ದ ದುಶ್ಚಟ ಒಂದೇ, ವಿವರಿಸುವುದು. ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ, ರೇಸಿನ ಬೆಟ್ಟಿಂಗ್ ಅಂಗಡಿಯಲ್ಲೇ ಬದುಕು ಸಾಗಿಸುತ್ತಿದ್ದರೂ ಕುದುರೆ ಮೇಲೆ ಒಂದು ಕಾಸು ಕಟ್ಟಿದವನಲ್ಲ. ಆದರೆ ಯಾರಾದರೂ ಎದುರಿಗೆ ನಿಂತು "ಹಂಗಂದ್ರೇನಪ್ಪಾ?" ಅಂದರೋ, ಮುಗಿಯಿತು. ಮದುವೆಗೆ ಮುಂಚೆ ಷೂ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಒಬ್ಬ ಗಿರಾಕಿಗೆ ಅಟ್ಟೆಯ ಹೊಲಿಗೆಗೂ ಅಂಟಿಗೂ ಏನು ವ್ಯತ್ಯಾಸ ಅಂತ ಹೇಳಲು ಶುರುಮಾಡಿದ್ದೇ ತಡ, ಆ ಗಿರಾಕಿ ಹಳೇ ಷೂ ಕೂಡ ಅಲ್ಲೇ ಬಿಟ್ಟು ಓಡಿಹೋದನಂತೆ. ನಿಜವೋ ಸುಳ್ಳೋ, ಅವನ ಹೆಂಡತಿ ಹೇಳುವ ಕತೆ ಇದು. ಅವಳು ಅವನನ್ನು ಮೆಚ್ಚಿದ್ದೂ ಅದೇ ಅಂಗಡಿಯಲ್ಲಿ, ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೊದಲ ಗಿರಾಕಿ ತಾನೇ ಅನ್ನುತ್ತಿದ್ದಳು.

ಮಾವ ಮಾತ್ರ ಪೂರ್ತಿ ಕೇಳಿಸಿಕೊಂಡವರಲ್ಲ. ಮೂವತ್ತು ವರ್ಷದಿಂದ ಬೆಟ್ಟಿಂಗ್ ಅಂಗಡಿ ನಡೆಸಿದವರು, ಲೈಸೆನ್ಸನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ ದಿನಾ ಒರೆಸುವವರು. ಗಿರಾಕಿಗಳು ಅವರನ್ನು ಯಜಮಾನರು ಅನ್ನುತ್ತಿದ್ದರು. ಅವರು ಬಾಯಿ ತೆರೆಯುತ್ತಿದ್ದದ್ದೇ ಕಮ್ಮಿ. "ಚೀಟಿ ತಗೋ, ದುಡ್ಡು ತಗೋ, ಸೀಲು ಒತ್ತು. ಉಳಿದದ್ದನ್ನ ಬೋರ್ಡು ಹೇಳುತ್ತೆ" ಅನ್ನುವುದು ಅಳಿಯನಿಗೆ ಅವರು ಕಲಿಸಿದ ಇಡೀ ವಿದ್ಯೆ.

ಅಂಗಡಿಯ ಹಿಂದೇ ಮನೆ. ಮನೆ ಅಂದರೆ ಒಂದು ಅಡುಗೆಮನೆ, ಒಂದು ಕೋಣೆ, ಒಂದು ಹಾಲು. ಕೋಣೆ ಯಜಮಾನರದ್ದು. ಹಾಲಿನ ನಡುವೆ ಬೀರು ಅಡ್ಡ ಇಟ್ಟು ಅದರಾಚೆ ಗಂಡ ಹೆಂಡತಿ ಮಲಗುತ್ತಿದ್ದರು. ಬೀರುವಿನ ಬಾಗಿಲು ತೆರೆಯುವುದು ಮಾವನ ಕಡೆಗೆ. ಅಂದರೆ ಒಂದು ಬನಿಯನ್ ಬೇಕಾದರೂ ಅಳಿಯ ಸುತ್ತು ಹಾಕಿ ಬಂದು, ಪೇಪರು ಓದುತ್ತಾ ಕೂತ ಮಾವನ ಮುಂದೆ ಮೈಮುಚ್ಚಿಕೊಂಡು ನಿಲ್ಲಬೇಕು. ಮದುವೆಯಾಗಿ ನಾಲ್ಕು ವರ್ಷ. ಬೀರುವಿನಾಚೆ ಒಂದು ಜೋಕು ಹೇಳಿ ನಕ್ಕರೂ ಈಚೆಯಿಂದ ಕೆಮ್ಮು ಕೇಳಿಸುತ್ತಿತ್ತು. ಅದು ಕಫದ ಕೆಮ್ಮಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಹೀಗಿರುವಾಗ ಯಜಮಾನರು ಬಸ್ ನಿಲ್ದಾಣದ ಎದುರು ಎರಡನೇ ಅಂಗಡಿ ಹಿಡಿದರು. ಕೆಳಗೆ ಅಂಗಡಿ, ಮೇಲೆ ಎರಡು ರೂಮು, ನಲ್ಲಿ, ಬೀದಿಯ ಕಡೆಗೆ ಕಿಟಕಿ. ಗಂಡ ಹೆಂಡತಿ ಹೋಗಿ ನೋಡಿ ಬಂದರು. ಅವಳು ಬೀರು ಯಾವ ಗೋಡೆಗೆ ಅಂತ ಆಗಲೇ ಗುರುತು ಹಾಕಿಟ್ಟಳು. ಅಳಿಯ ಧೈರ್ಯ ಮಾಡಿ ಮಾವನನ್ನು ಕೇಳಿದ. ಮಾವ ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಕಣ್ಣಿನ ಆಪರೇಷನ್‌ಗೆ ಹೋಗ್ತಾ ಇದೀನಿ. ಪಟ್ಟಿ ಬಿಚ್ಚೋ ದಿನವೇ ದೊಡ್ಡ ರೇಸು. ಅವತ್ತು ಕೌಂಟರ್ ನಿಂದು. ಒಂದೇ ಒಂದು ಚೀಟಿಯೂ ತಪ್ಪಾಗದೆ ದಿನ ದಾಟಿಸಿದ್ರೆ ಆ ಅಂಗಡಿ ನಿಂದು, ಮೇಲಿನ ರೂಮೂ ನಿಂದು. ತಪ್ಪಿದ್ರೆ ಬಾಡಿಗೆಗೆ ಬಿಡ್ತೀನಿ. ಯಾರೋ ಕೇಳ್ತಾ ಇದಾರೆ."

ಅಂದಿನಿಂದ ಅಡುಗೆಮನೆ ಪಾಠಶಾಲೆಯಾಯಿತು. ಮೇಷ್ಟ್ರು ಹೆಂಡತಿ. ಅವಳು ಚಿಕ್ಕವಳಿದ್ದಾಗ ಶಾಲೆ ಬಿಟ್ಟೊಡನೆ ಕೌಂಟರಿನ ಕೆಳಗೆ ಕೂತೇ ಹೋಂವರ್ಕ್ ಮಾಡಿದವಳು. ಭಿನ್ನರಾಶಿಯನ್ನು ಅವಳು ಕಲಿತದ್ದು ಪುಸ್ತಕದಿಂದಲ್ಲ, ಮೇಲಿನಿಂದ ಕೇಳಿಸುತ್ತಿದ್ದ ಅಪ್ಪನ ಗೊಣಗಾಟದಿಂದ. ಅಷ್ಟಿದ್ದರೂ ಅವಳನ್ನು ಕೌಂಟರಿನಲ್ಲಿ ಕೂರಿಸುವ ಯೋಚನೆ ಯಜಮಾನರಿಗೆ ಒಂದು ದಿನಕ್ಕೂ ಬಂದಿರಲಿಲ್ಲ. ಹೆಣ್ಣುಮಗಳು ಕೂತರೆ ಗಿರಾಕಿಗಳು ಬಾಯಿತುಂಬ ಬೈಯೋಕಾಗದೆ ಬೇರೆ ಅಂಗಡಿಗೆ ಹೋಗಿಬಿಡ್ತಾರೆ ಅನ್ನುವುದು ಅವರ ವಾದ.

"ಈಚ್-ವೇ ಅಂದ್ರೆ ಒಂದು ಬೆಟ್ಟಲ್ಲ ರೀ, ಎರಡು" ಅಂದಳು ಹೆಂಡತಿ, ತರಕಾರಿ ಹೆಚ್ಚುತ್ತಾ. "ಅರ್ಧ ದುಡ್ಡು, ಕುದುರೆ ಗೆಲ್ಲುತ್ತೆ ಅಂತ. ಇನ್ನರ್ಧ, ಗೆಲ್ಲದಿದ್ರೂ ಮುಂದಿನವರ ಸಾಲಲ್ಲಿ ಬರುತ್ತೆ ಅಂತ. ನೂರರ ಈಚ್-ವೇ ಅಂದ್ರೆ ಗಿರಾಕಿ ಇನ್ನೂರು ಕೊಡ್ಬೇಕು. ನೂರು ಕೊಟ್ಟು ನಿಂತ್ಕೊಂಡ್ರೆ ಚೀಟೀನ ವಾಪಸ್ ತಳ್ಳಿ."

"ಮುಂದಿನವರು ಅಂದ್ರೆ ಎಷ್ಟು ಜನ?"

"ಅದೇ ನೋಡಿ ಇರೋದು! ಅದು ಎಷ್ಟು ಕುದುರೆ ಓಡುತ್ವೋ ಅದರ ಮೇಲೆ. ನಮ್ಮ ಬೋರ್ಡಲ್ಲಿ ನಾಲ್ಕರವರೆಗೆ ಓಡಿದ್ರೆ ಗೆದ್ದದ್ದಕ್ಕೆ ಮಾತ್ರ. ಐದರಿಂದ ಏಳು ಓಡಿದ್ರೆ ಮೊದಲ ಎರಡಕ್ಕೆ, ದರದ ಕಾಲು ಭಾಗ. ಎಂಟು, ಅದಕ್ಕಿಂತ ಜಾಸ್ತಿ ಓಡಿದ್ರೆ ಮೊದಲ ಮೂರಕ್ಕೆ, ದರದ ಐದನೇ ಒಂದು ಭಾಗ."

ಅಳಿಯ ಬಾಯಿಪಾಠ ಮಾಡಿದ. ಬರೀ ಬಾಯಿಪಾಠ ಮಾಡಿದ್ದರೆ ಗಂಡಾಂತರವಿರಲಿಲ್ಲ. ಅವನಿಗೆ ಅದು ಅರ್ಥವೂ ಆಯಿತು, ಅರ್ಥವಾದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ದೊಡ್ಡ ರೇಸಿನ ದಿನ ಬಂತು. ಯಜಮಾನರು ಕಣ್ಣಿನ ಪಟ್ಟಿ ಬಿಚ್ಚಿಸಲು ಆಸ್ಪತ್ರೆಗೆ ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, ಇನ್ನೊಂದು ಕಣ್ಣಿನಲ್ಲೇ ಅಳಿಯನನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಅಳಿಯ ತಲೆಯಾಡಿಸಿದ.

ಅಂಗಡಿ ಅಂಥ ದೊಡ್ಡದೇನಲ್ಲ. ಗಾಜಿನ ಹಿಂದೆ ಕೌಂಟರು, ಗೋಡೆಗೆ ಎರಡು ಟಿವಿ, ಷರತ್ತಿನ ಬೋರ್ಡು, ಕೂತರೆ ಅಲ್ಲಾಡುವ ಸ್ಟೂಲುಗಳು, ದಾರಕ್ಕೆ ಕಟ್ಟಿದ ಪೆನ್ನು. ಟಿವಿಯಲ್ಲಿ ಎಂಟು ಕುದುರೆಗಳ ಹೆಸರು, ಎದುರಿಗೆ ದರ. ಎಲ್ಲರ ಕಣ್ಣು 'ರಾಜಮಾರ್ಗ'ದ ಮೇಲೆ. ದರ 2/1, ಅಂದರೆ ಕಟ್ಟಿದ ಒಂದಕ್ಕೆ ಎರಡು ಲಾಭ. 'ಕರಿಮೋಡ' 8/1. 'ಬೆಂಕಿಕಡ್ಡಿ' 10/1. ಕೊನೆಯಲ್ಲಿ 'ಭಾನುವಾರ', 33/1, ಅದರ ಮಾಲೀಕನಿಗೂ ಅದರ ಮೇಲೆ ನಂಬಿಕೆ ಇದ್ದಂತೆ ಕಾಣಲಿಲ್ಲ.

ಮೊದಲು ಬಂದವನು ಟೈಲರ್. ಕೊರಳಲ್ಲಿ ಅಳತೆ ಟೇಪು ಇನ್ನೂ ಹಾಗೇ ಇತ್ತು, ಯಾರದ್ದೋ ಪ್ಯಾಂಟನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ. ರಾಜಮಾರ್ಗದ ಮೇಲೆ ನೂರು ಅಂತ ಚೀಟಿ ಬರೆದು ತಳ್ಳಿದವನು, ಸುಮ್ಮನಿರಲಾರದೆ ಕೇಳಿದ: "ಅಳಿಯಂದಿರೇ, ಈ ಈಚ್-ವೇ ಈಚ್-ವೇ ಅಂತಾರಲ್ಲ, ಹಂಗಂದ್ರೇನು?"

ಅಳಿಯನ ತುಟಿಯ ಮೇಲೆ ಮಾವನ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಜಾರಿತು.

"ನೋಡಿ ಅಣ್ಣಾ" ಅಂದ ಅಳಿಯ, ಚೀಟಿಯನ್ನು ಮಗುಚಿ ಹಿಂಭಾಗದಲ್ಲಿ ಬರೆಯುತ್ತಾ. "ರಾಜಮಾರ್ಗ ಗೆದ್ರೆ ನಿಮ್ಮ ನೂರಕ್ಕೆ ಲಾಭ ಇನ್ನೂರು. ಸೋತ್ರೆ ಸೊನ್ನೆ. ಅದೇ ಬೆಂಕಿಕಡ್ಡಿ ನೋಡಿ, ಒಂದಕ್ಕೆ ಹತ್ತು. ಅದರ ಮೇಲೆ ನೂರರ ಈಚ್-ವೇ ಕಟ್ಟಿದ್ರಿ ಅನ್ನಿ. ಕೊಟ್ಟದ್ದು ಇನ್ನೂರು. ನೂರು ಗೆಲುವಿಗೆ, ನೂರು ಪ್ಲೇಸಿಗೆ, ಅಂದ್ರೆ ಮೊದಲ ಮೂರರೊಳಗೆ ಬಂದ್ರೆ ಸಾಕು ಅನ್ನೋದಕ್ಕೆ. ಗೆದ್ದುಬಿಡ್ತು ಅನ್ನಿ. ಗೆಲುವಿನ ನೂರಕ್ಕೆ ಸಾವಿರ, ಜೊತೆಗೆ ನಿಮ್ಮ ನೂರು ವಾಪಸ್, ಸಾವಿರದ ನೂರು. ಪ್ಲೇಸಿನದ್ದಕ್ಕೆ ಹತ್ತರಲ್ಲಿ ಐದನೇ ಒಂದು ಭಾಗ, ಅಂದ್ರೆ ಒಂದಕ್ಕೆ ಎರಡು. ನೂರಕ್ಕೆ ಇನ್ನೂರು, ನಿಮ್ಮ ನೂರು ವಾಪಸ್, ಮುನ್ನೂರು. ಒಟ್ಟು ಸಾವಿರದ ನಾನೂರು ಕೈಗೆ!"

"ಗೆಲ್ಲದಿದ್ರೆ?"

"ಎರಡನೇದೋ ಮೂರನೇದೋ ಬಂತು ಅನ್ನಿ. ಗೆಲುವಿನ ನೂರು ಹೋಯ್ತು. ಪ್ಲೇಸಿನ ಮುನ್ನೂರು ಬಂತು. ಇನ್ನೂರು ಕೊಟ್ಟಿದ್ರಿ, ಮುನ್ನೂರು ಸಿಕ್ತು. ಗೆಲ್ಲದ ಕುದುರೆ ಮೇಲೆ ನೂರು ಲಾಭ!"

ಟೈಲರ್ ಕಣ್ಣರಳಿಸಿದ. ಗೆಲ್ಲದ ಕುದುರೆಯಿಂದ ಲಾಭ ಅನ್ನುವುದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. "ಇದನ್ನ ಹಂಗೇ ಬರೆದು ಕೊಡಿ, ಆಮೇಲೆ ಮಾತು ತಪ್ಪಬಾರದು" ಅಂದ. ಅಳಿಯ ಚೀಟಿಯ ಬೆನ್ನ ಮೇಲೆ ದುಂಡಗೆ ಬರೆದ: 'ಮೊದಲ ಮೂರು ಸ್ಥಾನ. ಐದನೇ ಒಂದು ಭಾಗ. ಮೂರನೆಯದಕ್ಕೂ ದುಡ್ಡು.' ಮುಂಭಾಗದಲ್ಲಿ ರಾಜಮಾರ್ಗವನ್ನು ಹೊಡೆದು ಹಾಕಿ ಬೆಂಕಿಕಡ್ಡಿ, ನೂರರ ಈಚ್-ವೇ, 10/1 ಅಂತ ಮಾಡಿಸಿ, ಇನ್ನೂರು ಎಣಿಸಿಕೊಂಡು, ಎರಡೂ ಕಡೆ ಸೀಲು ಒತ್ತಿದ. ಎರಡೂ ಕಡೆ ಯಾಕಪ್ಪಾ ಅಂದರೆ, ಬರೆದದ್ದು ಚೆನ್ನಾಗಿ ಕಾಣಲಿ ಅಂತ.

ಆಮೇಲೆ ಕೇಳಬೇಕೇ! ಟೈಲರ್ ಪಕ್ಕದವನಿಗೆ ಹೇಳಿದ, ಪಕ್ಕದವನು ಬಾಗಿಲ ಬಳಿಯವನಿಗೆ. ಮೂವತ್ತು ನಲವತ್ತು ಜನ ಬೀದಿಯವರೆಗೆ ಸಾಲುಗಟ್ಟಿ "ನನಗೂ ಬರೆದು ಕೊಡಿ ಅಳಿಯಂದಿರೇ" ಅಂದರು. ರಾಜಮಾರ್ಗಕ್ಕೆ ಅಂತ ತಂದ ದುಡ್ಡು ಬೆಂಕಿಕಡ್ಡಿಗೂ, ಗೆಲ್ಲುವ ಆಸೆ ಇನ್ನೂ ಕಮ್ಮಿಯಿದ್ದ ದೂರದ ಹೆಸರುಗಳಿಗೂ ಹಂಚಿಹೋಯಿತು. ಒಬ್ಬೊಬ್ಬರೂ ನೂರು ಕಟ್ಟಲು ಬಂದು ಇನ್ನೂರು ಕಟ್ಟಿ ಹೋದರು. ಅಳಿಯನ ಮುಖ ಬೆಳಗಿತ್ತು. ಇಷ್ಟು ವರ್ಷ ಈ ಜನಕ್ಕೆ ಯಾರೂ ಒಂದು ಒಳ್ಳೇ ಮಾತು ಹೇಳಿಕೊಟ್ಟಿಲ್ಲವಲ್ಲ ಅಂತ ಅವನಿಗೆ ನಿಜವಾಗಿ ಕರುಳು ಚುರುಕ್ ಅಂದಿತು.

ರಿಟೈರ್ಡ್ ಪೋಸ್ಟ್‌ಮ್ಯಾನ್ ಒಬ್ಬರಿದ್ದರು. ವರ್ಷಗಟ್ಟಲೆಯಿಂದ ಪ್ರತಿ ರೇಸಿನಲ್ಲೂ ಎಲ್ಲರ ಕಣ್ಣಿರುವ ಕುದುರೆಗೇ ನೂರು ಕಟ್ಟಿ, ಗೆದ್ದರೂ ಸೋತರೂ ಮಾತಾಡದೆ ಮನೆಗೆ ಹೋಗುವ ಮನುಷ್ಯ. ಅವರೂ ಅಂದು ಮನಸ್ಸು ಬದಲಾಯಿಸಿದರು. ಕರಿಮೋಡ, 8/1, ನೂರರ ಈಚ್-ವೇ. ಅವರ ಚೀಟಿಯ ಬೆನ್ನಿಗೂ ಅದೇ ಮೂರು ವಾಕ್ಯ, ಅದೇ ಸೀಲು.

ಒಪ್ಪದವನು ಬಸ್ ಡ್ರೈವರ್ ಒಬ್ಬನೇ. ಅವನೂ ಕರಿಮೋಡದ ಮೇಲೆ ನೂರರ ಈಚ್-ವೇ ಬರೆದು, ಎರಡು ನೋಟು ತಳ್ಳಿದ. ಅಳಿಯ ಚೀಟಿ ಮಗುಚಲು ಹೋದ.

"ಏಯ್, ಅದರ ಬೆನ್ನು ಮುಟ್ಬೇಡ" ಅಂದ ಡ್ರೈವರ್. "ನೀನು ಹುಟ್ಟೋಕ್ ಮುಂಚೆಯಿಂದ ಆಡ್ತಿದೀನಿ. ಸೀಲೊತ್ತು, ಬಸ್ ಹೊರಡಬೇಕು."

"ಅಲ್ಲ ಅಣ್ಣಾ, ಎಂಟರಲ್ಲಿ ಐದನೇ ಒಂದು ಭಾಗ ಅಂದ್ರೆ..."

"ತಲೆ ತಿನ್ಬೇಡಯ್ಯಾ!"

ಅಳಿಯನಿಗೆ ಬೇಜಾರಾಯಿತು. ಸೀಲೊತ್ತಿ ಕೊಟ್ಟ.

ರೇಸಿಗೆ ಕುದುರೆಗಳು ಗೇಟಿನ ಹತ್ತಿರ ಬಂದವು. ಟಿವಿಯವನು ಏನೇನೋ ಹೇಳುತ್ತಿದ್ದ. ಅದೇ ಹೊತ್ತಿಗೆ ಮೂಲೆಯಲ್ಲಿ ಒಬ್ಬ ಮುದುಕ, ಕಿವಿ ಮಂದ, "ಈಚ್ ಅಂದ್ರೆ ಯಾರು?" ಅಂತ ಕೇಳಿದ್ದರಿಂದ ಅಳಿಯ ಗಾಜಿಗೆ ಬಾಯಿ ಹಚ್ಚಿ ಅವನಿಗೆ ಕೂಗಿ ಕೂಗಿ ಹೇಳುತ್ತಿದ್ದ. ಅತ್ತ ಟಿವಿಯಲ್ಲಿ ಭಾನುವಾರ ಗೇಟಿನೊಳಗೆ ಕಾಲಿಡಲು ಸುತಾರಾಂ ಒಪ್ಪಲಿಲ್ಲ. ನಾಲ್ಕು ಜನ ಹಿಂದಿನಿಂದ ತಳ್ಳಿದರು. ಹಿಂಗಾಲಿಂದ ಒದ್ದಿತು. ಕೊನೆಗೆ ಅದನ್ನು ರೇಸಿನಿಂದಲೇ ತೆಗೆದುಹಾಕಿ, ಉಳಿದವನ್ನು ಬಿಟ್ಟರು. ಅಳಿಯ ತಿರುಗಿ ನೋಡಿದಾಗ ಕುದುರೆಗಳು ಅರ್ಧ ದಾರಿಯಲ್ಲಿದ್ದವು.

ಅಂಗಡಿಯ ಗದ್ದಲ ಕೇಳಬೇಡಿ. ಟೈಲರ್ ಟೇಪಿನ ತುದಿ ಕಚ್ಚಿಕೊಂಡು "ಹೊತ್ಕೋ ಹೊತ್ಕೋ ಬೆಂಕಿಕಡ್ಡಿ" ಅಂತ ಕುಣಿಯುತ್ತಿದ್ದ. ರಾಜಮಾರ್ಗ ಆರಾಮಾಗಿ ಗೆದ್ದಿತು. ಹಿಂದೆ ಕರಿಮೋಡ. ಮೂರನೆಯದು, ಕತ್ತು ಮುಂದೆ ಚಾಚಿ ಕೊನೇ ಗಳಿಗೆಯಲ್ಲಿ ನುಗ್ಗಿದ ಬೆಂಕಿಕಡ್ಡಿ.

ಗೆದ್ದವರಿಗಿಂತ ಜೋರಾಗಿ ಮೂರನೆಯವರು ಕಿರುಚಿದ್ದು ಆ ಅಂಗಡಿಯ ಚರಿತ್ರೆಯಲ್ಲಿ ಅದೇ ಮೊದಲು. ಟೈಲರ್ ಗಾಜಿನ ಸಂದಿಗೆ ಚೀಟಿ ತೂರಿಸಿ, "ಮುನ್ನೂರು! ನೀವೇ ಬರೆದದ್ದು" ಅಂದ. ಅಳಿಯ ನಗುನಗುತ್ತಾ ಮೂರು ನೋಟು ಎತ್ತಿ ಹಿಡಿದ. ಅಷ್ಟರಲ್ಲಿ ಡ್ರೈವರ್ ಕೈ ಚಾಚಿದ. ಬಸ್ಸಿನ ಹಾರನ್ನು ಹೊರಗೆ ಬಡಿದುಕೊಳ್ಳುತ್ತಿತ್ತು, ಕಂಡಕ್ಟರ್ ಇವನನ್ನು ಕರೆಯುತ್ತಿದ್ದ.

"ಮೊದಲು ನಂದು ಕೊಡು. ಮುನ್ನೂರು."

"ನಿಮ್ಮದು ಮುನ್ನೂರಲ್ಲ ಅಣ್ಣಾ" ಅಂದ ಅಳಿಯ, ಖುಷಿಯಿಂದ, ಕೊನೆಗೂ ಇವನಿಗೆ ಹೇಳುವ ಅವಕಾಶ ಸಿಕ್ಕಿತಲ್ಲ ಅಂತ. "ಎಂಟಕ್ಕೆ ಐದನೇ ಒಂದು ಭಾಗ ಅಂದ್ರೆ ಒಂದಕ್ಕೆ ಒಂದೂವರೆಗಿಂತ ಚೂರು ಜಾಸ್ತಿ. ನೂರಕ್ಕೆ ನೂರ ಅರವತ್ತು, ನಿಮ್ಮ ನೂರು ವಾಪಸ್. ಇನ್ನೂರ ಅರವತ್ತು."

ಡ್ರೈವರ್ ಅವನನ್ನು ತಲೆಯಿಂದ ಎದೆಯವರೆಗೆ ನೋಡಿದ, ಕೌಂಟರಿನ ಆಚೆ ಅಷ್ಟೇ ಕಾಣುತ್ತಿದ್ದದ್ದು. "ಎಷ್ಟು ಕುದುರೆ ಓಡಿದ್ವು, ಎಣಿಸಿದ್ಯಾ?"

"ಎಂಟು."

"ಭಾನುವಾರ ಎಲ್ಲಿ?"

ಅಳಿಯ ಟಿವಿ ನೋಡಿದ. ಭಾನುವಾರದ ಹೆಸರಿನ ಮೇಲೆ ಗೀಟು.

"ಏಳು ಓಡಿದ್ದು" ಅಂದ ಡ್ರೈವರ್, ಬೋರ್ಡಿಗೆ ಬೆರಳು ತೋರಿಸಿ. "ಏಳಾದ್ರೆ ಎರಡೇ ಸ್ಥಾನ, ಕಾಲು ಭಾಗ. ಎಂಟರ ಕಾಲು ಎರಡು. ನೂರಕ್ಕೆ ಇನ್ನೂರು, ಮೇಲೆ ನನ್ನ ನೂರು. ಮುನ್ನೂರು ಇಡು. ಹಾಗೇ ಮೂರನೇದಕ್ಕೆ ಏನೂ ಇಲ್ಲ ಅಂತ ಆ ಟೈಲರ್‌ಗೂ ವಿವರಿಸು. ನಿಂಗೆ ವಿವರಿಸೋದು ಅಂದ್ರೆ ಇಷ್ಟ ಅಲ್ವಾ."

ಅಂಗಡಿ ಒಮ್ಮೆಲೇ ತಣ್ಣಗಾಯಿತು. ಆಮೇಲೆ ಒಮ್ಮೆಲೇ ಕಾದಿತು.

"ಏನ್ರೀ, ಏನೂ ಇಲ್ವಾ?" ಟೈಲರ್ ಚೀಟಿಯ ಬೆನ್ನನ್ನು ಗಾಜಿಗೆ ಅಂಟಿಸಿ ಹಿಡಿದ. "ಇದು ಯಾರ ಅಕ್ಷರ? ಇದು ಯಾರ ಸೀಲು? ಮೂರನೆಯದಕ್ಕೂ ದುಡ್ಡು! ಓದಿ, ಓದಿ ಹೇಳಿ!" ಅವನ ಹಿಂದೆ ಇನ್ನೂ ಮೂರ್ನಾಲ್ಕು ಚೀಟಿಗಳು ಬೆನ್ನು ತೋರಿಸಿಕೊಂಡು ಮೇಲೆದ್ದವು. ಎಲ್ಲದರಲ್ಲೂ ಅದೇ ದುಂಡು ಅಕ್ಷರ.

ಬೋರ್ಡಿನಂತೆ ನಡೆದರೆ ಇವರೆಲ್ಲ ಅಳಿಯನನ್ನು ಇಲ್ಲೇ ಹುರಿದು ಮುಕ್ಕುತ್ತಾರೆ. ಕೊಟ್ಟರೆ ಬೋರ್ಡು ತಪ್ಪುತ್ತದೆ. ಒಂದು ಚೀಟಿ ತಪ್ಪಬಾರದು ಅಂದಿದ್ದರು ಮಾವ. ಇಲ್ಲಿ ಕಂತೆಗಟ್ಟಲೆ ತಪ್ಪಿದೆ. ಮೇಲಿನ ಎರಡು ರೂಮು, ನಲ್ಲಿ, ಕಿಟಕಿ ಎಲ್ಲ ಯಾರೋ ಬಾಡಿಗೆಯವರ ಪಾಲಾಗಿ ಹೋದದ್ದು ಅವನ ಕಣ್ಣಿಗೆ ಕಟ್ಟಿತು. ಅಯ್ಯೋ, ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ಬಾಯಿ ಅನ್ನುವುದನ್ನು ಊಟಕ್ಕೆ ಮಾತ್ರ ಇಟ್ಟುಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು? ಅವನಿಗೆ ಅಳುವೇ ಬಂತು.

ಗದ್ದಲ ಅಡುಗೆಮನೆಗೂ ಕೇಳಿಸಿತ್ತು. ಹಿಂಬಾಗಿಲು ತೆರೆದು ಹೆಂಡತಿ ಬಂದಳು, ಕೈ ಒದ್ದೆ, ಸೆರಗಿಗೆ ಒರೆಸಿಕೊಳ್ಳುತ್ತಾ. ಗಂಡನ ಮುಖ ನೋಡಿದಳು, ಟಿವಿ ನೋಡಿದಳು, ಗಾಜಿಗೆ ಅಂಟಿದ ಚೀಟಿ ಓದಿದಳು. ಅವಳಿಗೆ ಇಷ್ಟು ಸಾಕಾಯಿತು.

"ಬರೆದ್ರಾ?" ಅಂದಳು ಮೆಲ್ಲಗೆ.

"ಬರೆದೆ."

"ಸೀಲೂ ಒತ್ತಿದ್ರಾ?"

"ಎರಡೂ ಕಡೆ."

ಅವಳು ಕಣ್ಣು ಮುಚ್ಚಿ ತೆಗೆದಳು. ಆಮೇಲೆ ಅವನನ್ನು ಸ್ಟೂಲಿನಿಂದ ಸರಿಸಿ ತಾನು ಕೂತಳು. ಹುಟ್ಟಿದಾಗಿನಿಂದ ಕೆಳಗೆ ಕೂತೇ ಅಭ್ಯಾಸವಿದ್ದ ಕೌಂಟರಿನ ಮೇಲೆ ಅವಳು ಕೈಯೂರಿದ್ದು ಅದೇ ಮೊದಲು.

"ಟೈಲರಣ್ಣಾ, ಕೂಗಾಡ್ಬೇಡಿ. ಬೋರ್ಡಿನ ಕೊನೇ ಸಾಲು ಜೋರಾಗಿ ಓದಿ."

ಟೈಲರ್ ತಡವರಿಸುತ್ತಾ ಓದಿದ: "ಓಟ ಶುರುವಾದಾಗ ಇರುವ ಕುದುರೆಗಳ ಲೆಕ್ಕದಂತೆ ಷರತ್ತು ಅನ್ವಯ. ಚೀಟಿಯ ಮೇಲೆ ಅಂಗಡಿಯವರು ಬೇರೆ ಷರತ್ತು ಬರೆದು ಸೀಲು ಒತ್ತಿದ್ದರೆ, ಆ ಚೀಟಿಗೆ ಅದೇ ಷರತ್ತು."

"ಅಷ್ಟೇ" ಅಂದಳು. "ನಿಮಗೆ ಅಂಗಡಿ ಬರೆದುಕೊಟ್ಟಿದೆ. ಮೂರು ಸ್ಥಾನ, ಐದನೇ ಒಂದು ಭಾಗ. ತಗೊಳ್ಳಿ ಮುನ್ನೂರು. ಬರೆದ ಮಾತಿಗೆ ತಪ್ಪಲ್ಲ. ಡ್ರೈವರಣ್ಣಾ, ನಿಮ್ಮ ಚೀಟಿ ಬೆನ್ನು ಖಾಲಿ. ನಿಮಗೆ ಬೋರ್ಡು. ಎರಡು ಸ್ಥಾನ, ಕಾಲು ಭಾಗ. ತಗೊಳ್ಳಿ ಮುನ್ನೂರು. ಭಾನುವಾರದ ಮೇಲೆ ಯಾರಾದ್ರೂ ಕಟ್ಟಿದ್ರೆ ದುಡ್ಡು ಪೂರ್ತಿ ವಾಪಸ್. ಅಂಥ ದೂರದ ಕುದುರೆ ಬಿಟ್ಟುಹೋದ್ರೆ ಬೇರೆಯವರ ದರದಲ್ಲಿ ಕಡಿತ ಇಲ್ಲ, ಹೆದರ್ಬೇಡಿ. ಮುಂದಿನವರು?"

ಡ್ರೈವರ್ ಹಾರನ್ನಿನ ಕಡೆಗೆ ಓಡಿದ. ಟೈಲರ್ ನೋಟಿಗೆ ಮುತ್ತಿಟ್ಟ. ಮುಂದಿನವರು ಪೋಸ್ಟ್‌ಮ್ಯಾನ್.

"ಕರಿಮೋಡ, ಎರಡನೇದು" ಅಂದರು. "ನನಗೂ ಆ ಡ್ರೈವರ್‌ಗೆ ಕೊಟ್ಟಷ್ಟೇ, ಅಲ್ವೇನಮ್ಮಾ?"

ಅವಳು ಚೀಟಿ ಮಗುಚಿದಳು. ದುಂಡು ಅಕ್ಷರ. "ಇಲ್ಲ ಅಜ್ಜಾ. ನಿಮ್ಮದಕ್ಕೆ ಬರೆದುಕೊಟ್ಟಿದ್ದಾರೆ. ಐದನೇ ಒಂದು ಭಾಗ. ಇನ್ನೂರ ಅರವತ್ತು."

ಮಾತಾಡದ ಮನುಷ್ಯ ಅಂದು ಮಾತಾಡಿದರು. "ಅದೇ ಕುದುರೆ, ಅದೇ ಸ್ಥಾನ, ಅದೇ ದುಡ್ಡು ಕಟ್ಟಿದ್ದು. ಕೇಳದೇ ಇದ್ದವನಿಗೆ ಮುನ್ನೂರು, ಕೂತು ಪಾಠ ಕೇಳಿದ ನನಗೆ ನಲವತ್ತು ಕಮ್ಮಿಯಾ?" ಆಮೇಲೆ ಇನ್ನೂ ದೊಡ್ಡದೊಂದು ಅವರಿಗೆ ಹೊಳೆಯಿತು. "ಅಯ್ಯಯ್ಯೋ, ಎಂದಿನ ಹಾಗೆ ರಾಜಮಾರ್ಗಕ್ಕೆ ನೂರು ಕಟ್ಟಿದ್ರೆ ಇವತ್ತು ಇನ್ನೂರು ಲಾಭ ಬರ್ತಿತ್ತು! ಈಗ ಇನ್ನೂರು ಕೊಟ್ಟು ಅರವತ್ತು ಲಾಭ!" ಅಳಿಯನ ಕಡೆ ನೋಡಿದರು. "ಪುಣ್ಯಾತ್ಮಾ, ನನಗ್ಯಾಕೆ ಬುದ್ಧಿ ಹೇಳಿದೆ?"

ಅಳಿಯನಿಗೆ ಆ ಹೊತ್ತಿಗೆ ಡ್ರೈವರ್ ಬೈದದ್ದಕ್ಕಿಂತ ಇದೇ ಹೆಚ್ಚು ನೋವು ಕೊಟ್ಟಿತು. ಒಳ್ಳೆಯದಾಗಲಿ ಅಂತಲೇ ತಾನೇ ಅವನು ಹೇಳಿದ್ದು?

"ಕೊಡಮ್ಮಾ ಅವರಿಗೂ ಮುನ್ನೂರು" ಅಂತ ಬಾಗಿಲ ಕಡೆಯಿಂದ ದನಿ ಬಂತು. "ನಮ್ಮ ಕೈಬರಹದಿಂದ ಬೋರ್ಡಿಗಿಂತ ಕಮ್ಮಿ ಸಿಕ್ಕಿತು ಅನ್ನೋ ಮಾತು ಬೇಡ."

ಯಜಮಾನರು. ಕಪ್ಪು ಕನ್ನಡಕ, ಕೈಯಲ್ಲಿ ಔಷಧದ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಯಾರಿಗೂ ತಿಳಿಯದು. ಪೋಸ್ಟ್‌ಮ್ಯಾನಿಗೆ ಮುನ್ನೂರು ಸಿಕ್ಕಿತು, ಅಂಗಡಿ ಖಾಲಿಯಾಯಿತು. ಯಜಮಾನರು ಒಳಗೆ ಬಂದು ಚೀಟಿಗಳನ್ನೆಲ್ಲ ಮೂಗಿಗೆ ಹತ್ತಿರ ಹಿಡಿದು, ಮುಂದೆ ಹಿಂದೆ ಮಗುಚಿ ನೋಡಿದರು. ಗಲ್ಲಾಪೆಟ್ಟಿಗೆ ತೆರೆದು ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು.

"ಎಷ್ಟು ಚೀಟಿ ತಪ್ಪು?" ಅಂದರು.

"ಒಂದೆರಡಲ್ಲ ಮಾವ" ಅಂದ ಅಳಿಯ. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. "ಬೋರ್ಡು ನೋಡದೆ ಬರೆದದ್ದೇ ತಪ್ಪು. ರೂಮು ಬಾಡಿಗೆಗೆ ಕೊಡಿ. ನಾನೇ ಆಸೆಪಟ್ಟೆ, ನಾನೇ ಕೆಡಿಸಿದೆ."

ಯಜಮಾನರ ದನಿಯಲ್ಲಿ ಏನೋ ಗೊಂದಲವಿತ್ತು. "ರಾಜಮಾರ್ಗ ಗೆದ್ದ ದಿನ ಈ ಅಂಗಡಿ ಮುಳುಗಬೇಕಾಗಿತ್ತು. ಊರೆಲ್ಲ ಅದಕ್ಕೇ ಕಟ್ಟೋದು. ಒಬ್ಬೊಬ್ಬನಿಗೂ ನೂರಕ್ಕೆ ಇನ್ನೂರು ಕೈಯಿಂದ ಕೊಡ್ಬೇಕಿತ್ತು. ಇವನು ಅವರನ್ನೆಲ್ಲ ಅದರಿಂದ ಎಬ್ಬಿಸಿ ಬೇರೆ ಕಡೆಗೆ ಓಡಿಸಿದಾನೆ. ಅದೂ ಒಬ್ಬೊಬ್ಬನ ಹತ್ರ ಎರಡೆರಡು ಪಣ ಇಸ್ಕೊಂಡು! ಬೆಂಕಿಕಡ್ಡಿಯವರಿಗೆ ತಲೆಗೆ ನೂರು ಲಾಭ ಕೊಟ್ಟೆವು, ನಿಜ. ಬಾಕಿ ಕುದುರೆಯವರು ಇನ್ನೂರಿನ್ನೂರು ಇಲ್ಲೇ ಬಿಟ್ಟು ಹೋಗಿದ್ದಾರೆ." ಗಲ್ಲಾಪೆಟ್ಟಿಗೆ ಮುಚ್ಚಿದರು. "ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡು ಕೂತು ನಾನು ಇಷ್ಟು ಗಳಿಸಿದ ದಿನ ನೆನಪಿಲ್ಲ."

ಅಳಿಯನ ಮುಖಕ್ಕೆ ರಕ್ತ ಬಂತು, ಮರುಕ್ಷಣ ಇಳಿದೂ ಹೋಯಿತು. ತಾನು ಆ ಜನಕ್ಕೆ ಉಪಕಾರ ಮಾಡಿದೆ ಅಂದುಕೊಂಡಿದ್ದ. ತನ್ನ ಒಳ್ಳೆಯತನವೇ ಅವರ ಜೇಬಿಗೆ ಇಷ್ಟು ಚೆನ್ನಾಗಿ ಕತ್ತರಿ ಹಾಕಿತಲ್ಲ ಅಂತ ಅವನಿಗೆ ನಾಚಿಕೆಯಾಯಿತು.

"ಆದ್ರೆ ಕೌಂಟರ್ ನಿನಗೆ ಕೊಡಲ್ಲ" ಅಂದರು ಮಾವ. "ಎಂಟು ಯಾವುದು ಏಳು ಯಾವುದು ಅಂತ ನೋಡದೋನಿಗೆ ಕೌಂಟರ್ ಕೊಟ್ರೆ ನನಗೆ ಇನ್ನೊಂದು ಕಣ್ಣೂ ಹೋಗುತ್ತೆ. ಬಸ್ ನಿಲ್ದಾಣದ ಅಂಗಡಿ ಇವಳದ್ದು. ಬೈಯೋಕಾಗದೆ ಗಿರಾಕಿಗಳು ಬೇರೆ ಅಂಗಡಿಗೆ ಹೋಗ್ತಾರೆ ಅಂದ್ಕೊಂಡಿದ್ದೆ, ಇವಳ ಮುಂದೆ ಬೈಯೋಕೆ ಬಾಯೇ ಬರಲ್ಲ, ಅದೂ ಒಳ್ಳೇದೇ ಅನ್ನಿಸ್ತು. ಮೇಲಿನ ರೂಮು ಇವಳಿಗೆ. ನೀನು ಬೇಕಾದ್ರೆ ಇವಳ ಜೊತೆ ಹೋಗ್ಬಹುದು."

ಬೇಕಾದರೆ! ಆ ಒಂದು ಮಾತು ಅಳಿಯನಿಗೆ ಚುಚ್ಚಿತು. ರೂಮು ಸಿಕ್ಕಿತು, ಮರ್ಯಾದೆ ಸಿಗಲಿಲ್ಲ. ಹೆಂಡತಿಯ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಅವಳಾದರೂ ಖುಷಿಯಿಂದ ನೆಗೆಯಬೇಕಿತ್ತು. ನೆಗೆಯಲಿಲ್ಲ. ಸ್ಟೂಲಿನ ಮೇಲೆ ಕೂತೇ ಇದ್ದಳು.

"ನನಗೆ ಸಂಬಳ ಎಷ್ಟಪ್ಪಾ?" ಅಂದಳು.

ಯಜಮಾನರು ಒಂದು ಮೊತ್ತ ಹೇಳಿದರು.

"ಸರಿ. ಇವರಿಗೂ ಅಷ್ಟೇ."

"ಇವನಿಗಾ? ಇವನಿಗ್ಯಾಕೆ?"

"ಕೌಂಟರಿನ ಈಚೆ ನಾನು ಲೆಕ್ಕ ಮಾಡ್ತೀನಿ. ಆಚೆ ನಿಂತು ಇವರು ಗಿರಾಕಿಗಳಿಗೆ ವಿವರಿಸ್ತಾರೆ. ಬರೆಯಲ್ಲ, ಸೀಲು ಮುಟ್ಟಲ್ಲ, ಬರೀ ಬಾಯಲ್ಲಿ. ನಿಮ್ಮ ಮೂವತ್ತು ವರ್ಷದ ಯಾವ ದಿನದ ಗಳಿಕೆಯನ್ನೂ ಒಂದು ಮಧ್ಯಾಹ್ನದಲ್ಲಿ ಮೀರಿಸಿದ್ದು ಯಾರು ಅಂತ ನೀವೇ ತಾನೇ ಈಗ ಹೇಳಿದ್ದು?"

"ಒಂದು ಅಂಗಡಿಗೆ ಎರಡು ಸಂಬಳವಾ?"

"ಒಂದು ಕುದುರೆಗೆ ಎರಡು ಪಣ ಇಸ್ಕೊಳ್ಳುವಾಗ ಹಿಂಗೆ ಕೇಳಿದ್ರಾ ಯಾರನ್ನಾದ್ರೂ?"

ಯಜಮಾನರು ಕಪ್ಪು ಕನ್ನಡಕ ತೆಗೆದರು. ಹೊಸ ಕಣ್ಣಿಂದಲೂ ಹಳೇ ಕಣ್ಣಿಂದಲೂ ಮಗಳನ್ನು ನೋಡಿದರು. ಇವಳ ಮುಂದೆ ಬಾಯಿ ಬರುವುದಿಲ್ಲ ಅಂತ ತಾವೇ ಹೇಳಿ ಇನ್ನೂ ಎರಡು ನಿಮಿಷ ಆಗಿರಲಿಲ್ಲ. "ಆಯ್ತು, ಎರಡು" ಅಂದರು ಕೊನೆಗೆ, ಹಲ್ಲು ಕೀಳಿಸಿಕೊಂಡವರ ಹಾಗೆ.

ಅಳಿಯನಿಗೆ ನಂಬಿಕೆಯೇ ಬರಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಅವನಿಗೆ ಒಂದು ಬೆಲೆ ಕಟ್ಟಿದ್ದರು. ಮಾವನ ಮುಖ ಅಷ್ಟು ಸಪ್ಪಗಾದದ್ದು ನೋಡಿ ಅವನಿಗೆ ಪಾಪ ಅನ್ನಿಸಿತು. ಎರಡು ಸಂಬಳ ಕೊಟ್ಟರೂ ಮಾವನಿಗೆ ನಷ್ಟವಿಲ್ಲ, ಒಂದು ದೊಡ್ಡ ರೇಸಿನ ಗಳಿಕೆಯಲ್ಲೇ ಅದು ಹೇಗೆ ಹೇಗೆ ಹುಟ್ಟುತ್ತದೆ ಅನ್ನುವುದು ಅವನ ತಲೆಯಲ್ಲಿ ಸ್ಪಷ್ಟವಾಗಿ ಜೋಡಿಸಿಕೊಂಡು ನಿಂತಿತ್ತು. ಎರಡು ಮಾತಲ್ಲಿ ಹೇಳಿಬಿಟ್ಟರೆ ಅವರ ಮನಸ್ಸು ಹಗುರಾಗುತ್ತಿತ್ತು.

"ನೋಡಿ ಮಾವಾ..." ಅಂತ ಶುರುಮಾಡಿದ.

ಕೌಂಟರಿನ ಕೆಳಗೆ ಹೆಂಡತಿಯ ಪಾದ ಅವನ ಪಾದದ ಮೇಲೆ ಭದ್ರವಾಗಿ ಬಂದು ಕೂತಿತು. ಅವನು ಅವಳನ್ನು ನೋಡಿದ, ಅವಳು ಗಲ್ಲಾಪೆಟ್ಟಿಗೆ ನೋಡುತ್ತಿದ್ದಳು. ಪಾದ ಮಾತ್ರ ಇನ್ನೂ ಒತ್ತಿತು.

"ಏನೋ ಹೇಳೋಕೆ ಬಂದೆ?" ಅಂದರು ಮಾವ.

"ಏನಿಲ್ಲ ಮಾವ" ಅಂದ ಅಳಿಯ.